36 ಶಿಶುಗಳಿಂದ ಏನು ತಿಳಿಯಬಹುದು, ಏನು ತಿಳಿಯದು

ಉಗಾಂಡದ ರಾಜಧಾನಿ ಕಂಪಾಲಾದ ಮುಲಾಗೊ ಆಸ್ಪತ್ರೆಯಲ್ಲಿ ನಡೆದ ಒಂದು ಪುಟ್ಟ ಅಧ್ಯಯನ 2008ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೆರಿಗೆಯ ಹೊತ್ತಿನಲ್ಲಿ ಉಸಿರುಕಟ್ಟಿ, ಮೆದುಳಿಗೆ ಆಮ್ಲಜನಕ ಸಾಲದೆ ನಲುಗಿದ 36 ಶಿಶುಗಳು ಅದರಲ್ಲಿದ್ದವು. ಯಾವ ಶಿಶುವಿಗೆ ಯಾವ ಆರೈಕೆ ಎಂಬುದನ್ನು ಚೀಟಿ ಎತ್ತಿದ ಹಾಗೆ, ಯಾರ ಇಷ್ಟಾನಿಷ್ಟಕ್ಕೂ ಬಿಡದೆ ನಿರ್ಧರಿಸಲಾಗಿತ್ತು. 21 ಶಿಶುಗಳ ಮೈಯನ್ನು ನೀರಿನ ಬಾಟಲಿಗಳ ನೆರವಿನಿಂದ ತಂಪು ಮಾಡಿದರು. 15 ಶಿಶುಗಳಿಗೆ ವಾಡಿಕೆಯ ಆರೈಕೆ ಕೊಟ್ಟರು. ತಂಪು ಮಾಡಿದ ಗುಂಪಿನಲ್ಲಿ 7 ಶಿಶುಗಳು ತೀರಿಕೊಂಡವು. ಇನ್ನೊಂದರಲ್ಲಿ ಒಂದು.

ಈ ಅಂಕಿಗಳನ್ನು ಓದಿದವರ ಮನಸ್ಸು ತಾನಾಗಿ ಒಂದು ತೀರ್ಪಿಗೆ ಬರುತ್ತದೆ: ತಂಪು ಮಾಡುವುದು ಅಪಾಯ, ಸಾವು ಐದು ಪಟ್ಟು ಹೆಚ್ಚುತ್ತದೆ. ಆದರೆ ಇದು ಪೈಲಟ್ ಅಧ್ಯಯನ. ದೊಡ್ಡ ಅಧ್ಯಯನವೊಂದನ್ನು ಇಂಥ ಆಸ್ಪತ್ರೆಯಲ್ಲಿ ನಡೆಸಲು ಆಗುತ್ತದೆಯೇ ಎಂದು ನೋಡುವುದಕ್ಕೆ ಮಾಡಿದ್ದು. ಚಿಕಿತ್ಸೆ ಎಷ್ಟು ಗುಣ ಕೊಡುತ್ತದೆ, ಎಷ್ಟು ಕೆಡುಕು ಮಾಡುತ್ತದೆ ಎಂದು ಅಳೆಯುವ ಶಕ್ತಿ 36 ಶಿಶುಗಳ ಲೆಕ್ಕಕ್ಕೆ ಇರುವುದಿಲ್ಲ. ಏಕೆ ಇರುವುದಿಲ್ಲ, ಹಾಗಿದ್ದರೆ ಪೈಲಟ್ ಅಧ್ಯಯನದಿಂದ ಏನು ಪ್ರಯೋಜನ, ಅದರ ವರದಿಯಲ್ಲಿ ಏನಿರಬೇಕು ಎಂಬುದನ್ನು ಇದೇ ಚಿಕಿತ್ಸೆಯ ಕತೆಯಿಂದ ತಿಳಿಯಬಹುದು. ಆ ಕತೆ ಮುಂದೆ ಬೆಂಗಳೂರಿಗೂ ಬರುತ್ತದೆ.

ಮೈ ತಂಪು ಮಾಡುವುದೇಕೆ?

ಹುಟ್ಟಿದ ಕೂಡಲೇ ಅಳದ, ಉಸಿರಾಟ ಶುರುಮಾಡದ ಶಿಶುವಿನ ಮೆದುಳಿಗೆ ಪೆಟ್ಟು ಎರಡು ಕಂತುಗಳಲ್ಲಿ ಬೀಳುತ್ತದೆ. ಮೊದಲನೆಯದು ಆಮ್ಲಜನಕ ತಪ್ಪಿದ ಗಳಿಗೆಯಲ್ಲೇ. ಆಮೇಲೆ ಕೆಲವು ಗಂಟೆಗಳ ಕಾಲ ಮೆದುಳಿನ ಜೀವಕೋಶಗಳು ಚೇತರಿಸಿಕೊಂಡಂತೆ ಕಾಣುತ್ತವೆ. ನಂತರ ಎರಡನೆಯ ಕಂತು ಶುರುವಾಗಿ ಕೋಶಗಳು ನಿಧಾನವಾಗಿ ಸಾಯತೊಡಗುತ್ತವೆ. ನಡುವಿನ ಆ ಬಿಡುವಿನಲ್ಲಿ, ಅಂದರೆ ಹುಟ್ಟಿದ ಆರು ಗಂಟೆಯೊಳಗೆ, ಶಿಶುವಿನ ಮೈಯ ಒಳ ಉಷ್ಣತೆಯನ್ನು 33.5 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ 72 ಗಂಟೆ ಹಾಗೇ ಇಟ್ಟರೆ ಎರಡನೆಯ ಪೆಟ್ಟು ತಗ್ಗುತ್ತದೆ ಎಂಬುದು ಈ ಚಿಕಿತ್ಸೆಯ ತರ್ಕ. ಶ್ರೀಮಂತ ದೇಶಗಳಲ್ಲಿ ನಡೆದ ದೊಡ್ಡ ಅಧ್ಯಯನಗಳು ಇದನ್ನು ಸಮರ್ಥಿಸಿದವು. 11 ಅಧ್ಯಯನಗಳ 1,505 ಶಿಶುಗಳ ಲೆಕ್ಕವನ್ನು ಒಟ್ಟುಗೂಡಿಸಿದ 2013ರ ಕಾಕ್ರೇನ್ ಪರಾಮರ್ಶೆಯೂ ಸಾವು ಮತ್ತು ಅಂಗವೈಕಲ್ಯ ಕಡಿಮೆಯಾಗುತ್ತವೆ ಎಂದಿತು.

ಆದರೆ ಆ ಅಧ್ಯಯನಗಳು ನಡೆದ ಐಸಿಯುಗಳೇ ಬೇರೆ. ನಮ್ಮ ಸರ್ಕಾರಿ ಆಸ್ಪತ್ರೆಗೆ ಶಿಶು ಬರುವುದು ಕೆಲವೊಮ್ಮೆ ಬೇರೆ ಊರಿನಿಂದ, ಗಂಟೆಗಳ ಪ್ರಯಾಣದ ನಂತರ. ಒಬ್ಬ ನರ್ಸ್ ಹಲವು ಶಿಶುಗಳನ್ನು ನೋಡಿಕೊಳ್ಳಬೇಕು. ಉಸಿರಾಟದ ಯಂತ್ರ ಬೇಕೆಂದಾಗ ಸಿಗದಿರಬಹುದು. ಸೋಂಕಿನ ಕಾಟ ಹೆಚ್ಚು. ಅಲ್ಲಿ ಗುಣ ಕೊಟ್ಟದ್ದು ಇಲ್ಲೂ ಕೊಡುತ್ತದೆಯೇ ಎಂಬ ಪ್ರಶ್ನೆ ಹಾಗಾಗಿ ನ್ಯಾಯವಾದದ್ದು. ಅದಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆ ಇತ್ತು: ಇಂಥ ಚಿಕಿತ್ಸೆಯನ್ನು ಇಲ್ಲಿ ಸರಿಯಾಗಿ ಕೊಡಲು, ಕೊಟ್ಟು ಅಳೆಯಲು ಸಾಧ್ಯವೇ?

ಎರಡು ಶಿಶುಗಳ ಅಂತರ

ಮೊದಲು ಕಂಪಾಲಾದ ಅಂಕಿಗಳನ್ನೇ ತುಸು ಅಲುಗಿಸಿ ನೋಡೋಣ. 21ರಲ್ಲಿ 7 ಎಂದರೆ ಶೇ 33. 15ರಲ್ಲಿ 1 ಎಂದರೆ ಶೇ 7. ಅನುಪಾತ ಐದು. ಈಗ ತಂಪು ಮಾಡಿದ ಗುಂಪಿನಲ್ಲಿ ಒಂದು ಶಿಶು ಉಳಿದು, ಇನ್ನೊಂದು ಗುಂಪಿನಲ್ಲಿ ಮತ್ತೊಂದು ತೀರಿಕೊಂಡಿದ್ದರೆ? ಶೇ 29 ಮತ್ತು ಶೇ 13 ಆಗುತ್ತಿತ್ತು. ಐದು ಪಟ್ಟು ಎಂದದ್ದು ಎರಡು ಪಟ್ಟಿಗೆ ಇಳಿಯುತ್ತಿತ್ತು. ಎರಡೂ ಕಡೆ ಎರಡೆರಡು ಶಿಶುಗಳ ಗತಿ ಹೀಗೆ ಬದಲಾಗಿದ್ದರೆ ಶೇ 24 ಮತ್ತು ಶೇ 20, ಅಂದರೆ ಬಹುಪಾಲು ಸಮ. ಯಾವ ಶಿಶುವಿನ ಪೆಟ್ಟು ಹುಟ್ಟುವಾಗಲೇ ಹೆಚ್ಚಾಗಿತ್ತು, ಅದು ಯಾವ ಗುಂಪಿಗೆ ಬಂತು ಎಂಬ ಬರೀ ಅದೃಷ್ಟದ ಮಾತು ಇಷ್ಟು ದೊಡ್ಡ ವ್ಯತ್ಯಾಸ ತರಬಲ್ಲದು.

ಸಂಖ್ಯಾಶಾಸ್ತ್ರಜ್ಞರು ಈ ಅಲುಗಾಟವನ್ನು ‘ವಿಶ್ವಾಸ ವ್ಯಾಪ್ತಿ’ ಎಂಬ ಅಳತೆಯಲ್ಲಿ ಹೇಳುತ್ತಾರೆ. ನಮಗೆ ಸಿಕ್ಕ ಅಂಕಿಗೆ ಹೊಂದುವ ನಿಜದ ಬೆಲೆ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬುದರ ಅಂದಾಜು ಅದು. ಕಂಪಾಲಾದ ಅಂಕಿಗಳಿಗೆ ಲೆಕ್ಕ ಹಾಕಿದರೆ ಅದು ಸುಮಾರು 0.7ರಿಂದ 36ರವರೆಗೆ ಹೋಗುತ್ತದೆ. ಸಾವು ಶೇ 30ರಷ್ಟು ಕಡಿಮೆಯಾಗುವುದರಿಂದ ಹಿಡಿದು 36 ಪಟ್ಟು ಹೆಚ್ಚುವವರೆಗೆ ಏನು ಬೇಕಾದರೂ ಇರಬಹುದು ಎಂದರ್ಥ. ಇಷ್ಟು ಅಗಲದ ಉತ್ತರವನ್ನು ಹಿಡಿದುಕೊಂಡು ಚಿಕಿತ್ಸೆ ಕೊಡುವ ನಿರ್ಧಾರವನ್ನೂ ಮಾಡಲಾಗದು, ಬಿಡುವ ನಿರ್ಧಾರವನ್ನೂ ಮಾಡಲಾಗದು.

ಭಾರತದ 82 ಶಿಶುಗಳು

ಹಾಗಾದರೆ ಪುಟ್ಟ ಅಧ್ಯಯನ ಯಾವ ಪ್ರಶ್ನೆಗೆ ಉತ್ತರ ಕೊಡಬಲ್ಲದು? ಭಾರತದ ಸರ್ಕಾರಿ ಆಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲಿ 28 ತಿಂಗಳು ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. ಮೈಯ ಉಷ್ಣತೆಯನ್ನು ತಾನೇ ನೋಡಿಕೊಂಡು ಹೆಚ್ಚುಕಮ್ಮಿ ಮಾಡುವ, ಕಡಿಮೆ ಬೆಲೆಯ ಯಂತ್ರವೊಂದರಿಂದ 82 ಶಿಶುಗಳನ್ನು ತಂಪು ಮಾಡಿದರು. ಹೋಲಿಕೆಗೆ ಬೇರೆ ಗುಂಪು ಇರಲಿಲ್ಲ.

ಅವರು ಕೇಳಿಕೊಂಡ ಪ್ರಶ್ನೆಗಳು ಕೆಲಸದ ಪ್ರಶ್ನೆಗಳು. ಮೈ 33.5 ಡಿಗ್ರಿಗೆ ಇಳಿಯಲು ಎಷ್ಟು ಹೊತ್ತು ಬೇಕು? ಸರಾಸರಿ 1.7 ಗಂಟೆ. ಇಳಿದ ಮೇಲೆ ಅದು ಅಲ್ಲೇ ನಿಲ್ಲುತ್ತದೆಯೇ? ಸರಾಸರಿ 33.4 ಡಿಗ್ರಿ ಇತ್ತು, ಏರಿಳಿತ 0.2 ಡಿಗ್ರಿಯಷ್ಟು. ತಂಪಿಗೆ ಗೊತ್ತುಮಾಡಿದ ಅವಧಿಯಲ್ಲಿ ಎಷ್ಟು ಪಾಲು ಸರಿಯಾದ ಉಷ್ಣತೆಯಲ್ಲಿ ಕಳೆಯಿತು? ಶೇ 95. ಇವುಗಳ ಜೊತೆಗೆ ರಕ್ತಸ್ರಾವದಂಥ ತೊಡಕುಗಳನ್ನೂ ಬರೆದಿಟ್ಟರು. 82ರಲ್ಲಿ 15 ಶಿಶುಗಳು, ಅಂದರೆ ಶೇ 18, ಆಸ್ಪತ್ರೆಯಿಂದ ಮನೆಗೆ ಹೋಗುವ ಮುನ್ನವೇ ತೀರಿಕೊಂಡವು ಎಂಬುದೂ ವರದಿಯಲ್ಲಿದೆ.

ಇಲ್ಲಿ ಎರಡು ಬಗೆಯ ಅಂಕಿಗಳಿವೆ, ಎರಡರ ತೂಕ ಬೇರೆ. ಉಷ್ಣತೆಯ ಅಂಕಿ ಗಟ್ಟಿ. ಪ್ರತಿ ಶಿಶುವಿನಿಂದ ಮೂರು ದಿನ ಸತತವಾಗಿ ಅಳತೆ ಬರುತ್ತದೆ, ಎಲ್ಲ ಶಿಶುಗಳಲ್ಲೂ ಅದು ಒಂದೇ ಬಗೆಯಾಗಿ ನಡೆದುಕೊಂಡಿದೆ. ಯಂತ್ರ ನಮ್ಮ ವಾರ್ಡಿನಲ್ಲಿ ಕೆಲಸ ಮಾಡುತ್ತದೆ, ನಮ್ಮ ಸಿಬ್ಬಂದಿ ಅದನ್ನು ನಡೆಸಬಲ್ಲರು ಎಂದು ಹೇಳಲು 82 ಶಿಶುಗಳು ಧಾರಾಳ ಸಾಕು. ಶೇ 18 ಸಾವು ಎಂಬ ಅಂಕಿ ಹಾಗಲ್ಲ. ತಂಪು ಮಾಡದೇ ಇದ್ದಿದ್ದರೆ ಎಷ್ಟು ಶಿಶುಗಳು ಉಳಿಯುತ್ತಿದ್ದವು ಎಂಬುದು ಗೊತ್ತಿಲ್ಲದಿರುವಾಗ ಅದು ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ನಾಟಕದ ತಂಡ ತಾಲೀಮು ಮಾಡುವಾಗ ಮಾತು ಬಾಯಿಗೆ ಬಂದಿದೆಯೇ, ಪರದೆ ಹೊತ್ತಿಗೆ ಸರಿಯಾಗಿ ಏಳುತ್ತದೆಯೇ ಎಂದು ನೋಡಿಕೊಳ್ಳಬಹುದು. ನೋಡುಗರು ಮೆಚ್ಚುತ್ತಾರೆಯೇ ಎಂಬುದನ್ನು ಖಾಲಿ ಕುರ್ಚಿಗಳು ಹೇಳಲಾರವು.

ಹೆಲಿಕ್ಸ್ ಹೇಳಿದ್ದು

ಆಮೇಲೆ ಬಂದದ್ದು ದೊಡ್ಡ ಅಧ್ಯಯನ, ಹೆಸರು ಹೆಲಿಕ್ಸ್. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸುಧಿನ್ ತಯ್ಯಿಲ್ ಅವರ ಮುಂದಾಳತ್ವದಲ್ಲಿ ಭಾರತ, ಶ್ರೀಲಂಕಾ ಮತ್ತು ಬಾಂಗ್ಲಾದೇಶದ ಏಳು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯಿತು. ಅವುಗಳಲ್ಲಿ ಎರಡು ಬೆಂಗಳೂರಿನವು: ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಬೆಂಗಳೂರು ವೈದ್ಯಕೀಯ ಕಾಲೇಜು. 2015ರಿಂದ 2019ರವರೆಗೆ 408 ಶಿಶುಗಳನ್ನು ಸೇರಿಸಿಕೊಂಡರು. 202 ಶಿಶುಗಳಿಗೆ ತಂಪು, 206 ಶಿಶುಗಳಿಗೆ ವಾಡಿಕೆಯ ಆರೈಕೆ. ಶಿಶುಗಳು ಸುಮಾರು ಒಂದೂವರೆ ವರ್ಷದವಾಗುವವರೆಗೆ ಹಿಂಬಾಲಿಸಿ, 394 ಶಿಶುಗಳ ವಿಷಯ ಕೊನೆಯವರೆಗೂ ತಿಳಿದುಕೊಂಡರು.

2021ರಲ್ಲಿ ಫಲಿತಾಂಶ ಬಂತು. ಸಾವು ಅಥವಾ ತೀವ್ರ ಅಂಗವೈಕಲ್ಯ ಎಂಬ ಮುಖ್ಯ ಅಳತೆಯಲ್ಲಿ ತಂಪಿನ ಗುಂಪು ಶೇ 50, ಇನ್ನೊಂದು ಶೇ 47, ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಸಾವನ್ನು ಮಾತ್ರ ನೋಡಿದರೆ ತಂಪಿನ ಗುಂಪಿನಲ್ಲಿ 84, ಅಂದರೆ ಶೇ 42. ಇನ್ನೊಂದರಲ್ಲಿ 63, ಅಂದರೆ ಶೇ 31. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಈ ಚಿಕಿತ್ಸೆಯನ್ನು ಕೊಡಬಾರದು ಎಂದು ತಂಡ ಹೇಳಿತು.

ಈಗ ಹಿಂತಿರುಗಿ ಎರಡೂ ಪುಟ್ಟ ಅಧ್ಯಯನಗಳನ್ನು ನೋಡಿ. ಭಾರತದ 82 ಶಿಶುಗಳ ಅಧ್ಯಯನ ತಾನು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿತ್ತು. ಮಾಡಲು ಸಾಧ್ಯ ಎಂದಿತ್ತು, ಸಾಧ್ಯವಾಯಿತು. ಅದರ ಶೇ 18 ಸಾವಿನ ಅಂಕಿಯನ್ನು ಯಾರಾದರೂ ‘ಬಹುಪಾಲು ಶಿಶುಗಳು ಉಳಿದವು, ಚಿಕಿತ್ಸೆ ಒಳ್ಳೆಯದು’ ಎಂದು ಓದಿ ಎಲ್ಲ ಜಿಲ್ಲಾಸ್ಪತ್ರೆಗಳಿಗೂ ಯಂತ್ರ ಕೊಂಡಿದ್ದರೆ ಎಂಥ ಅನಾಹುತವಾಗುತ್ತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ. ಮಾಡಬಹುದು ಎಂಬುದು ಒಂದು ಮಾತು, ಮಾಡಬೇಕು ಎಂಬುದು ಇನ್ನೊಂದು.

ಕಂಪಾಲಾದ ಅಂಕಿ ತೋರಿದ ದಿಕ್ಕು ಕೊನೆಗೆ ಸರಿಯಾಗಿತ್ತಲ್ಲ ಎಂದು ಯಾರಾದರೂ ಕೇಳಬಹುದು. ದಿಕ್ಕು ಹೊಂದಿತು, ನಿಜ. ಆದರೆ ಪ್ರಮಾಣ ಹೊಂದಲಿಲ್ಲ: ಅಲ್ಲಿ ಐದು ಪಟ್ಟು, ಹೆಲಿಕ್ಸ್‌ನಲ್ಲಿ ಸುಮಾರು 1.35 ಪಟ್ಟು. ದಿಕ್ಕು ಹೊಂದುತ್ತದೆ ಎಂದು 2008ರಲ್ಲಿ ಹೇಳಲು ದಾರಿಯೂ ಇರಲಿಲ್ಲ. ಆ 7 ಸಾವುಗಳನ್ನು ತೀರ್ಪು ಎಂದಲ್ಲ, ಎಚ್ಚರಿಕೆ ಎಂದು ಓದಬೇಕು. ಮುಂದಿನ ದೊಡ್ಡ ಅಧ್ಯಯನದಲ್ಲಿ ಸಾವುಗಳನ್ನು ನಡುನಡುವೆ ಎಣಿಸುವ ಸ್ವತಂತ್ರ ಸಮಿತಿ ಇರಲೇಬೇಕು ಎಂದು ಅವು ಹೇಳುತ್ತವೆ. ಪೈಲಟ್‌ನಲ್ಲಿ ಕಂಡ ಕೆಡುಕನ್ನು ಮುಚ್ಚದೆ ಬರೆಯಬೇಕಾದದ್ದು ಈ ಕಾರಣಕ್ಕೇ.

ಲೆಕ್ಕ ದಾರಿ ತಪ್ಪುವ ಬಗೆ

ಪೈಲಟ್‌ನ ಅಂಕಿಯಿಂದ ಇನ್ನೊಂದು ಹಾನಿ ಸದ್ದಿಲ್ಲದೆ ಆಗುತ್ತದೆ. ದೊಡ್ಡ ಅಧ್ಯಯನಕ್ಕೆ ಎಷ್ಟು ಜನ ಬೇಕು ಎಂದು ಲೆಕ್ಕ ಹಾಕಲು, ಎಷ್ಟು ದೊಡ್ಡ ವ್ಯತ್ಯಾಸವನ್ನು ಹಿಡಿಯಬೇಕು ಎಂದು ಮೊದಲು ಹೇಳಬೇಕು. ಅನೇಕರು ಪೈಲಟ್‌ನಲ್ಲಿ ಕಂಡ ವ್ಯತ್ಯಾಸವನ್ನೇ ಅಲ್ಲಿ ತುಂಬಿಸುತ್ತಾರೆ. ಇದು ಸರಿಯಲ್ಲ ಎಂದು ಹೆಲೆನಾ ಕ್ರೇಮರ್ ಮತ್ತು ಸಂಗಡಿಗರು 2006ರಲ್ಲೇ ಎಚ್ಚರಿಸಿದ್ದರು.

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಒಂದು ಚಿಕಿತ್ಸೆಯಿಂದ ಸಾವು ನಿಜಕ್ಕೂ ಶೇ 40ರಿಂದ ಶೇ 30ಕ್ಕೆ ಇಳಿಯುತ್ತದೆ ಎನ್ನಿ. ಗುಂಪಿಗೆ 20ರಂತೆ ಪೈಲಟ್ ಮಾಡಿದಾಗ ಅದೃಷ್ಟವಶಾತ್ ಒಂದು ಕಡೆ 8, ಇನ್ನೊಂದು ಕಡೆ 4 ಸಾವು ಕಂಡವು. ಶೇ 40 ಮತ್ತು ಶೇ 20. ಈ ಅಂಕಿಯನ್ನೇ ನಂಬಿ, ಅಷ್ಟು ವ್ಯತ್ಯಾಸವಿದ್ದರೆ ಐದರಲ್ಲಿ ನಾಲ್ಕು ಸಲವಾದರೂ ಹಿಡಿಯುವಂತೆ ಲೆಕ್ಕ ಹಾಕಿದರೆ ಗುಂಪಿಗೆ ಸುಮಾರು 80 ಜನ ಸಾಕು ಎಂದು ಬರುತ್ತದೆ. ನಿಜದ ವ್ಯತ್ಯಾಸ ಹಿಡಿಯಲು ಬೇಕಾದದ್ದು ಸುಮಾರು 350. 80ರಲ್ಲಿ ನಿಲ್ಲಿಸಿದ ಅಧ್ಯಯನ ನಿಜವನ್ನು ಹಿಡಿಯುವುದು ನಾಲ್ಕರಲ್ಲಿ ಒಂದು ಸಲ. ಉಳಿದ ಮೂರು ಸಲ ‘ಪ್ರಯೋಜನವಿಲ್ಲ’ ಎಂಬ ಷರಾ ಬಿದ್ದು ಒಳ್ಳೆಯ ಚಿಕಿತ್ಸೆ ಮೂಲೆ ಸೇರುತ್ತದೆ.

ತಿರುಗಾಮುರುಗಾ ಕೂಡ ಆಗುತ್ತದೆ. ಅದೇ ಚಿಕಿತ್ಸೆಗೆ ಗುಂಪಿಗೆ 20ರ ಪೈಲಟ್‌ಗಳನ್ನು ಮತ್ತೆ ಮತ್ತೆ ಮಾಡಿದರೆ ಹತ್ತರಲ್ಲಿ ಸುಮಾರು ಮೂರು ಸಲ ಎರಡೂ ಗುಂಪು ಸಮ, ಇಲ್ಲವೇ ಚಿಕಿತ್ಸೆಯ ಗುಂಪೇ ಕಡೆ ಎಂದು ಕಾಣುತ್ತದೆ. ಆಗ ದೊಡ್ಡ ಅಧ್ಯಯನ ಶುರುವಾಗುವುದೇ ಇಲ್ಲ. ಹೀಗಾಗಿ ದೊಡ್ಡದಾಗಿ ಕಂಡ ಪೈಲಟ್‌ಗಳು ಮಾತ್ರ ಮುಂದೆ ಹೋಗುತ್ತವೆ, ಹೋಗಿ ತೀರ ಚಿಕ್ಕ ಅಧ್ಯಯನವಾಗಿ ಸೋಲುತ್ತವೆ.

ಹಾಗಾದರೆ ಆ ವ್ಯತ್ಯಾಸದ ಅಂಕಿ ಎಲ್ಲಿಂದ ಬರಬೇಕು? ಎಷ್ಟು ಗುಣ ಕಂಡರೆ ಈ ಚಿಕಿತ್ಸೆಯ ಖರ್ಚು, ಕಷ್ಟ, ಅಪಾಯಗಳನ್ನು ಹೊರುವುದು ಸಾರ್ಥಕ ಎಂಬ ಪ್ರಶ್ನೆಯಿಂದ. ಅದಕ್ಕೆ ಉತ್ತರ ಹೇಳಬೇಕಾದವರು ವೈದ್ಯರು, ನರ್ಸ್‌ಗಳು, ತಂದೆತಾಯಿಗಳು. ಹಿಂದಿನ ದೊಡ್ಡ ಅಧ್ಯಯನಗಳೂ ನೆರವಾಗುತ್ತವೆ. ಪೈಲಟ್ ಕೊಡಬಹುದಾದದ್ದು ಆ ಲೆಕ್ಕದ ಉಳಿದ ಭಾಗಗಳನ್ನು: ವಾಡಿಕೆಯ ಆರೈಕೆಯಲ್ಲಿ ಸಾವು ಎಷ್ಟು ಎಂಬ ಒರಟು ಅಂದಾಜು, ಎಷ್ಟು ಕುಟುಂಬಗಳು ಒಪ್ಪುತ್ತವೆ, ಎಷ್ಟು ಜನ ನಡುವೆ ಕೈತಪ್ಪಿ ಹೋಗುತ್ತಾರೆ.

ಮೊದಲೇ ಗೊತ್ತುಮಾಡಿದ ಗೆರೆ

ಒಳ್ಳೆಯ ಪೈಲಟ್ ಶುರುವಾಗುವ ಮುನ್ನವೇ ‘ಇಷ್ಟಾದರೆ ಮುಂದೆ ಹೋಗುತ್ತೇವೆ’ ಎಂಬ ಗೆರೆಗಳನ್ನು ಬರೆದಿಡುತ್ತದೆ. ಟ್ರಾಫಿಕ್ ಸಿಗ್ನಲ್‌ನ ಬಣ್ಣಗಳಲ್ಲಿ ಇವನ್ನು ಹೇಳುವುದು ರೂಢಿ. ಉದಾಹರಣೆಗೆ, ಕೇಳಿದ ಕುಟುಂಬಗಳಲ್ಲಿ ಶೇ 70ಕ್ಕಿಂತ ಹೆಚ್ಚು ಒಪ್ಪಿದರೆ ಹಸಿರು: ಇದ್ದಂತೆಯೇ ಮುಂದುವರಿಸುವುದು. ಶೇ 50ರಿಂದ 70 ಆದರೆ ಹಳದಿ: ಒಪ್ಪಿಗೆ ಕೇಳುವ ಬಗೆಯನ್ನು ತಿದ್ದಿ ಮುಂದುವರಿಸುವುದು. ಅದಕ್ಕೂ ಕಡಿಮೆಯಾದರೆ ಕೆಂಪು: ಈ ರೂಪದಲ್ಲಿ ದೊಡ್ಡ ಅಧ್ಯಯನ ಬೇಡ.

ಪೈಲಟ್‌ಗೆ ಎಷ್ಟು ಜನ ಬೇಕು ಎಂಬುದೂ ಈ ಗೆರೆಗಳಿಂದಲೇ ಹೊರಡಬೇಕು. 60 ಕುಟುಂಬಗಳನ್ನು ಕೇಳಿ 48 ಒಪ್ಪಿದರೆ ಶೇ 80. ಇದರ ವಿಶ್ವಾಸ ವ್ಯಾಪ್ತಿ ಸುಮಾರು ಶೇ 70ರಿಂದ 90. ಕೆಳಗಿನ ತುದಿಯೂ ಹಸಿರಿನ ಅಂಚಿನಲ್ಲೇ ಇದೆ. ಧೈರ್ಯವಾಗಿ ಮುಂದೆ ಹೋಗಬಹುದು. ಹತ್ತು ಕುಟುಂಬಗಳಲ್ಲಿ ಎಂಟು ಒಪ್ಪಿದ್ದರೂ ಶೇ 80ರೇ, ಆದರೆ ಅಷ್ಟರಿಂದ ಹಸಿರೋ ಹಳದಿಯೋ ಹೇಳಲಾಗದು. ಸಾವಿನ ವ್ಯತ್ಯಾಸಕ್ಕೆ ಏನೇನೂ ಸಾಲದ ಅರವತ್ತು ಇಲ್ಲಿ ಸಾಕಾಗುತ್ತದೆ. ಒಪ್ಪಿಗೆಯ ಪ್ರಶ್ನೆ ಒಂದೇ ಗುಂಪಿನ ಒಂದು ಪ್ರಮಾಣವನ್ನು ಹತ್ತು ಅಂಶ ಆಚೀಚೆ ತಿಳಿದರೆ ಮುಗಿಯುತ್ತದೆ. ಸಾವಿನ ಪ್ರಶ್ನೆಗೆ ಎರಡು ಗುಂಪುಗಳ ನಡುವಿನ ಸಣ್ಣ ಅಂತರ ಬೇಕು, ಎರಡರ ಅಲುಗಾಟವೂ ಅದಕ್ಕೆ ಕೂಡಿಕೊಳ್ಳುತ್ತದೆ.

ವರದಿಯಲ್ಲಿ ಏನಿರಬೇಕು

ವೈದ್ಯಕೀಯ ಅಧ್ಯಯನಗಳನ್ನು ಹೇಗೆ ವರದಿ ಮಾಡಬೇಕೆಂಬ ಕನ್ಸಾರ್ಟ್ ನಿಯಮಾವಳಿಗೆ 2016ರಲ್ಲಿ ಪೈಲಟ್‌ಗಳಿಗೆಂದೇ ಒಂದು ವಿಸ್ತರಣೆ ಸೇರಿತು. ಅದರ ಸಾರ ಹೀಗಿದೆ. ಇದು ಪೈಲಟ್ ಎಂದು ಶೀರ್ಷಿಕೆಯಲ್ಲೇ ಹೇಳಬೇಕು. ಉದ್ದೇಶದಲ್ಲಿ ಯಾವ ಕಾರ್ಯಸಾಧ್ಯತೆಯನ್ನು ನೋಡುತ್ತಿದ್ದೇವೆ ಎಂದು ಬರೆಯಬೇಕು. ಇಷ್ಟೇ ಜನರನ್ನು ಏಕೆ ತೆಗೆದುಕೊಂಡೆವು ಎಂಬ ಕಾರಣವನ್ನೂ, ಮುಂದೆ ಹೋಗಲು ಮೊದಲೇ ಗೊತ್ತುಮಾಡಿದ ಗೆರೆಗಳಿದ್ದರೆ ಅವನ್ನೂ ಕೊಡಬೇಕು.

ಫಲಿತಾಂಶದ ಭಾಗದಲ್ಲಿ ಮೊದಲು ಬರಬೇಕಾದದ್ದು ಜನರ ಲೆಕ್ಕ: ಎಷ್ಟು ಜನರನ್ನು ಪರಿಶೀಲಿಸಿದರು, ಎಷ್ಟು ಜನ ಅರ್ಹರಾಗಿದ್ದರು, ಎಷ್ಟು ಜನರನ್ನು ಕೇಳಿದರು, ಎಷ್ಟು ಜನ ಒಪ್ಪಿದರು, ಒಪ್ಪದವರು ಏಕೆ ಒಪ್ಪಲಿಲ್ಲ, ಕೊನೆಯವರೆಗೆ ಎಷ್ಟು ಜನ ಉಳಿದರು. ಶಿಶು ಆರು ಗಂಟೆಯೊಳಗೆ ಆಸ್ಪತ್ರೆಗೆ ಬಾರದ ಕಾರಣ ಕೈಬಿಟ್ಟವರ ಸಂಖ್ಯೆ ಒಂದೇ ಸಾಕು, ದೊಡ್ಡ ಅಧ್ಯಯನಕ್ಕೆ ಎಷ್ಟು ಆಸ್ಪತ್ರೆಗಳು ಬೇಕೆಂದು ಹೇಳಲು. ಆಮೇಲೆ ಪ್ರತಿ ಕಾರ್ಯಸಾಧ್ಯತೆಯ ಅಳತೆ, ಅದರ ವಿಶ್ವಾಸ ವ್ಯಾಪ್ತಿಯೊಡನೆ. ಸಾವು, ಗುಣಮುಖ ಮುಂತಾದ ಅಂಕಿಗಳನ್ನು ಗುಂಪುವಾರು ಎಣಿಸಿ ಕೊಡಬಹುದು, ಕೊಡಲೂಬೇಕು. ಆದರೆ ‘ಈ ಗುಂಪು ಮೇಲು’ ಎಂಬ ತೀರ್ಮಾನವನ್ನು ಅವುಗಳ ಮೇಲೆ ಕಟ್ಟಬಾರದು. ಕೆಡುಕುಗಳನ್ನೂ, ಎಣಿಸದೆ ಎದುರಾದ ತೊಡಕುಗಳನ್ನೂ ಬರೆಯಬೇಕು.

ಕೊನೆಯ ಭಾಗ ಎಲ್ಲಕ್ಕಿಂತ ಮುಖ್ಯ, ಹೆಚ್ಚಾಗಿ ಬಿಟ್ಟುಹೋಗುವುದೂ ಅದೇ: ಮುಂದೇನು? ದೊಡ್ಡ ಅಧ್ಯಯನ ಮಾಡಬೇಕೇ, ಮಾಡಿದರೆ ಏನನ್ನು ಬದಲಿಸಬೇಕು? ‘ಚಿಕಿತ್ಸೆ ಭರವಸೆ ಮೂಡಿಸಿದೆ, ಹೆಚ್ಚಿನ ಸಂಶೋಧನೆ ಬೇಕು’ ಎಂದು ಮುಗಿಯುವ ಪೈಲಟ್ ವರದಿ ಕಂಡರೆ ಅದು ತನ್ನ ಕೆಲಸ ಮಾಡಿಲ್ಲ ಎಂದೇ ತಿಳಿಯಬೇಕು. ‘ರಾತ್ರಿ ಪಾಳಿಯಲ್ಲಿ ಬಂದ ಶಿಶುಗಳು ತಪ್ಪಿಹೋದವು, ಆ ಹೊತ್ತಿಗೂ ಒಪ್ಪಿಗೆ ಕೇಳಬಲ್ಲ ವೈದ್ಯರನ್ನು ನೇಮಿಸಬೇಕು’ ಎಂದು ಹೇಳುವ ವರದಿ ಮುಂದಿನವರ ಹಣವನ್ನೂ ವರ್ಷಗಳನ್ನೂ ಉಳಿಸುತ್ತದೆ. ಆಗುವುದಿಲ್ಲ ಎಂದು ತಿಳಿದ ಪೈಲಟ್ ಕೂಡ ಪ್ರಕಟವಾಗಬೇಕು. ಇಲ್ಲದಿದ್ದರೆ ಇನ್ನೊಂದು ಆಸ್ಪತ್ರೆ ಅದೇ ಗೋಡೆಗೆ ಮತ್ತೆ ಹಣೆ ಚಚ್ಚಿಕೊಳ್ಳುತ್ತದೆ.

ಈ ಪ್ರಾಮಾಣಿಕತೆ ವರದಿಗಿಂತ ಮುಂಚೆ, ಒಪ್ಪಿಗೆ ಪತ್ರದಲ್ಲೇ ಶುರುವಾಗಬೇಕು. ಹುಟ್ಟಿ ಕೆಲವೇ ಗಂಟೆಯಾದ ಶಿಶು ಐಸಿಯುನಲ್ಲಿರುವಾಗ ಸಹಿ ಹಾಕುವ ತಂದೆಗೆ, ಚಿಕಿತ್ಸೆ ಗುಣ ಕೊಡುತ್ತದೋ ಇಲ್ಲವೋ ಎಂಬುದನ್ನು ಈ ಅಧ್ಯಯನ ಹೇಳಲಾರದು, ಅದನ್ನು ಹೇಳಬಲ್ಲ ಅಧ್ಯಯನ ನಡೆಸಲು ಸಾಧ್ಯವೇ ಎಂಬುದನ್ನು ಮಾತ್ರ ಹೇಳಬಲ್ಲದು ಎಂದು ಕನ್ನಡದಲ್ಲಿ, ಸರಳವಾಗಿ ತಿಳಿಸಬೇಕು. ಅಷ್ಟು ತಿಳಿದೂ ಒಪ್ಪಿದ ಕುಟುಂಬಕ್ಕೆ ಸಂಶೋಧಕರು ತೀರಿಸಬೇಕಾದ ಋಣವೆಂದರೆ, ಮುಂದಿನ ಅಧ್ಯಯನಕ್ಕೆ ಬೇಕಾದ ಪ್ರತಿಯೊಂದು ಅಂಕಿಯನ್ನೂ ಬಿಡದೆ ಬರೆಯುವುದು, ಆ ಅಂಕಿಗಳು ಹೊರಲಾರದ ಭಾರವನ್ನು ಅವುಗಳ ಮೇಲೆ ಹೇರದಿರುವುದು.